ಸಂಬಳದ ತಾರೀಖಿಗೆ ಮನೆ ಕ್ಯಾಲೆಂಡರ್: ಐದು ತಿಂಗಳ ಲೆಕ್ಕ

ನವೆಂಬರ್ 2025

ಇದು ಶುರುವಾಗಿದ್ದು ಒಂದು ಬೌನ್ಸ್‌ನಿಂದ. ನಮ್ಮ ಕಂಪನಿಯಲ್ಲಿ ಸಂಬಳ 1ನೇ ತಾರೀಖು, ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ. ನವೆಂಬರ್ 1 ರಾಜ್ಯೋತ್ಸವ, ಅದೂ ಶನಿವಾರ. ಮರುದಿನ ಭಾನುವಾರ. ಹಾಗಾಗಿ ಸಂಬಳ ಬಂದಿದ್ದು ಸೋಮವಾರ, 3ಕ್ಕೆ. ಬೈಕ್ ಸಾಲದ ಇಎಂಐ 4,150 ರೂಪಾಯಿ, ಕಟ್ ಆಗುವುದು 2ಕ್ಕೆ. ಭಾನುವಾರ ಬ್ಯಾಂಕ್ ಮುಚ್ಚಿರುತ್ತದೆ, ಸೋಮವಾರ ಕಟ್ ಆಗುತ್ತದೆ ಅಂತ ಸುಮ್ನೆ ಇದ್ದೆ. ಆದರೆ ಕಂತುಗಳನ್ನು ತಾನಾಗಿಯೇ ಕಟ್ ಮಾಡುವ ಬ್ಯಾಂಕುಗಳ ವ್ಯವಸ್ಥೆ ಎನ್‌ಎಸಿಎಚ್, 2021ರ ಆಗಸ್ಟ್‌ನಿಂದ ಭಾನುವಾರವೂ ನಡೆಯುತ್ತದೆ. ಖಾತೆಯಲ್ಲಿದ್ದದ್ದು 1,900. ನಮ್ಮ ಬ್ಯಾಂಕು 295 ಹಿಡಿಯಿತು, ಸಾಲ ಕೊಟ್ಟವರು 590. ಒಟ್ಟು 885 ರೂಪಾಯಿ, ಒಂದು ದಿನದ ಹೆಚ್ಚುಕಡಿಮೆಗೆ!

ಡಿಸೆಂಬರ್

ಗೋಡೆಯ ಕ್ಯಾಲೆಂಡರ್‌ನಲ್ಲಿ ಬರುವ ದುಡ್ಡಿಗೆ ಹಸಿರು, ಹೋಗುವುದಕ್ಕೆ ಕೆಂಪು ಪೆನ್ನಿನಲ್ಲಿ ಬರೆದೆ. ನೋಡೋಕೆ ಚೆನ್ನಾಗಿತ್ತು, ಉಪಯೋಗ ಕಡಿಮೆ. ಯಾವ ದಿನ ಎಷ್ಟು ಉಳಿದಿರುತ್ತದೆ ಅನ್ನುವುದೇ ಅದರಲ್ಲಿ ಇರಲಿಲ್ಲ. ತಿಂಗಳ ಒಟ್ಟು ಲೆಕ್ಕ ನಮಗೆ ಯಾವತ್ತೂ ಸರಿಯಾಗಿಯೇ ಇತ್ತು. ತಪ್ಪಿದ್ದು ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ.

ಜನವರಿ 2026

ಸ್ಪ್ರೆಡ್‌ಶೀಟ್‌ಗೆ ಬಂದೆ. A ತಾರೀಖು, B ವಿವರ, C ಬಂದದ್ದು, D ಹೋದದ್ದು, E ಉಳಿದದ್ದು. E2ರಲ್ಲಿ ತಿಂಗಳ ಶುರುವಿನ ಬಾಕಿ. ಮೊದಲ ಸೂತ್ರ E3ರಲ್ಲಿ, ಅದನ್ನೇ ಕೆಳಗೆ ಎಳೆದೆ. ಎರಡನೆಯದು ತಿಂಗಳಲ್ಲೇ ಕಡಿಮೆ ಬಾಕಿಯನ್ನು ತೋರಿಸುತ್ತದೆ. ಮೂರನೆಯದು ಸಂಬಳದ ತಾರೀಖು. G1ರಲ್ಲಿ ಆ ತಿಂಗಳ 1ನೇ ತಾರೀಖು, H ಕಾಲಂನಲ್ಲಿ ರಜೆಗಳ ಪಟ್ಟಿ.

```
=E2+C3-D3
=MIN(E2:E30)
=WORKDAY(G1-1,1,H2:H20)
```

ಮೂರನೆಯ ಸೂತ್ರ ಶನಿವಾರ, ಭಾನುವಾರ ಎರಡನ್ನೂ ರಜೆ ಅಂತಲೇ ಎಣಿಸುತ್ತದೆ. ನಮ್ಮ ಆಫೀಸಿಗೆ ಅದು ಸರಿ, ಶನಿವಾರ ಕೆಲಸ ಇರುವವರಿಗೆ ಆಗುವುದಿಲ್ಲ.

ಇಡೀ ವರ್ಷಕ್ಕೆ ಹಾಕಿ ನೋಡಿದೆ. ಫೆಬ್ರವರಿ 1 ಭಾನುವಾರ, ಮಾರ್ಚ್ 1 ಕೂಡ ಭಾನುವಾರ. ಮೇ 1 ಕಾರ್ಮಿಕ ದಿನ, ಶುಕ್ರವಾರ. ಅಂದರೆ ಮೇ ಸಂಬಳ 4ಕ್ಕೆ. ಅಲ್ಲಿಗೆ ಒಂದು ತೀರ್ಮಾನವಾಯಿತು: 5ಕ್ಕಿಂತ ಮುಂಚೆ ಏನೂ ಕಟ್ ಆಗಬಾರದು.

ಬಾಡಿಗೆ 12,500 ಅನ್ನು 1ಕ್ಕೇ ಕೊಡುತ್ತಿದ್ದೆವು. ಮೇಲಿನ ಮನೆಯ ಓನರ್ ಆಂಟಿಯನ್ನು ಕೇಳಿದಾಗ "ಐದರೊಳಗೆ ಕೊಡಿ ಸಾಕು, ನಾನೇನು ಓಡಿಹೋಗ್ತೀನಾ" ಅಂದರು. ಬೈಕ್ ಸಾಲದವರು ಅಷ್ಟು ಸುಲಭವಿರಲಿಲ್ಲ. 7ಕ್ಕೆ ಬದಲಾಯಿಸಲು ಅರ್ಜಿ, ಹೊಸ ಮ್ಯಾಂಡೇಟ್, ಐದು ದಿನದ ಹೆಚ್ಚುವರಿ ಬಡ್ಡಿ. ಅದೂ ಮಾರ್ಚ್‌ನಿಂದ ಜಾರಿ.

ಫೆಬ್ರವರಿ

ಈ ತಿಂಗಳು ಇಎಂಐ ಇನ್ನೂ 2ಕ್ಕೇ, ಸಂಬಳವೂ 2ಕ್ಕೇ. ಶೀಟ್ ಏನೂ ತೊಂದರೆ ತೋರಿಸಲಿಲ್ಲ, ಏಕೆಂದರೆ ಸಂಬಳದ ಸಾಲು ಮೇಲಿತ್ತು. ಆದರೆ ಇಎಂಐ ಬೆಳಿಗ್ಗೆ ಕಟ್ ಆಗುತ್ತದೆ, ಸಂಬಳ ಬರುವುದು ಸಂಜೆ. ಒಂದೇ ದಿನದ ಸಾಲುಗಳಲ್ಲಿ ಹೋಗುವುದನ್ನು ಮೇಲೆ ಬರೆಯಬೇಕು ಅಂತ ಆಗ ಹೊಳೆಯಿತು. ಸಾಲು ಬದಲಿಸಿದ ಕೂಡಲೇ ಬಾಕಿ ಮೈನಸ್‌ಗೆ ಹೋಯಿತು. ಜನವರಿ ಕೊನೆಯಲ್ಲೇ ಗೊತ್ತಾಗಿದ್ದರಿಂದ ದಿನಸಿ ಸ್ವಲ್ಪ ತಡಮಾಡಿ, 4,150 ಖಾತೆಯಲ್ಲೇ ಬಿಟ್ಟೆ. ಬಚಾವ್.

ಮಾರ್ಚ್

ಬದಲಾದ ತಾರೀಖುಗಳ ಮೊದಲ ತಿಂಗಳು. ಶುರುವಿನ ಬಾಕಿ 4,900, ಸಂಬಳ 38,000. 5ಕ್ಕೆ ಬಾಡಿಗೆ, ಜೊತೆಗೆ ಪರ್ಸನಲ್ ಲೋನ್ 9,800, ಪಿಪಿಎಫ್ 2,000. 7ಕ್ಕೆ ಬೈಕ್. ದಿನಸಿ, ಹಾಲು ಎಲ್ಲ ಸೇರಿ 7,000. ಉಳಿದದ್ದು 7,450. 10ಕ್ಕೆ ಪಕ್ಕದ ಬೀದಿಯ ಅಕ್ಕನ ಚೀಟಿ 5,000. ನನ್ನ ಹೆಂಡತಿಯ ಶಾಲೆಯ ಸಂಬಳ 18,500 ಬರುವುದು ಕೆಲವೊಮ್ಮೆ 7ಕ್ಕೆ, ಕೆಲವೊಮ್ಮೆ 12ಕ್ಕೆ. ಶೀಟ್‌ನಲ್ಲಿ ಯಾವಾಗಲೂ 12 ಅಂತಲೇ ಬರೆಯುತ್ತೇನೆ. ಹಾಗಾಗಿ 10, 11ರಂದು ಬಾಕಿ ಬರೀ 2,450. ಮಗುವಿಗೆ ಜ್ವರ ಬಂದರೂ ಕೈ ಕಟ್ಟಿದ ಹಾಗೆ.

ಚೀಟಿ ಅಕ್ಕ ತಾರೀಖು ಬದಲಿಸುವುದಿಲ್ಲ, ಕೇಳೋದೂ ಸರಿಯಲ್ಲ. ಉಳಿದದ್ದು ಪಿಪಿಎಫ್. ಅದನ್ನು 5ರೊಳಗೆ ಹಾಕಬೇಕು ಅಂತ ನಾನೇ ಹಟ ಹಿಡಿದಿದ್ದೆ. 5ನೇ ತಾರೀಖು ಮುಗಿದಾಗಿನಿಂದ ತಿಂಗಳ ಕೊನೆಯವರೆಗೆ ಇರುವ ಕನಿಷ್ಠ ಬಾಕಿಯ ಮೇಲೆ ಮಾತ್ರ ಬಡ್ಡಿ, 6ಕ್ಕೆ ಹಾಕಿದರೆ ಆ ತಿಂಗಳ ಬಡ್ಡಿ ಹೋಯಿತು. "ಹೋದರೆ ಎಷ್ಟು ಹೋಗತ್ತೆ?" ಅಂತ ಹೆಂಡತಿ ಕೇಳಿದಳು. ಲೆಕ್ಕ ಹಾಕಿದೆ. ಶೇಕಡಾ 7.1ರಂತೆ 2,000ಕ್ಕೆ ಒಂದು ತಿಂಗಳಿಗೆ ಹನ್ನೆರಡು ರೂಪಾಯಿಯೂ ಇಲ್ಲ! ಒಂದು ಬೌನ್ಸ್‌ಗೆ ಕೊಟ್ಟದ್ದು 885. ಏಪ್ರಿಲ್‌ನಿಂದ ಪಿಪಿಎಫ್ 13ಕ್ಕೆ, ಅವಳ ಸಂಬಳದ ಮರುದಿನ. ಕನಿಷ್ಠ ಬಾಕಿ 4,450ಕ್ಕೆ ಏರುತ್ತದೆ. ಒಂದೇ ಸಲ ದೊಡ್ಡ ಮೊತ್ತ ಹಾಕುವವರಿಗೆ ಈ ಲೆಕ್ಕ ಬೇರೆ, ಅವರು 5ನ್ನು ಬಿಡಬಾರದು.

ಇನ್ನೂ ಶೀಟ್‌ಗೆ ಬರದಿರುವುದು ಎರಡು: ಜೂನ್‌ನ ಶಾಲೆ ಫೀಸು, ಬೈಕ್ ಇನ್ಶೂರೆನ್ಸ್. ವರ್ಷಕ್ಕೊಮ್ಮೆ ಬರುವ ಇವನ್ನು ತಿಂಗಳಿಗೆ ಹಂಚಿ ಬೇರೆ ಖಾತೆಗೆ ಹಾಕುವುದೋ, ಆ ತಿಂಗಳಿಗೇ ಬಿಡುವುದೋ ಅಂತ ನಮ್ಮಿಬ್ಬರಲ್ಲಿ ಇನ್ನೂ ವಾದ ನಡೀತಿದೆ.