ದೋಸೆ ಹಿಟ್ಟಿನ ಲೆಕ್ಕ

“ಸರ್, ಕೇಸ್ ಇಂಟರ್‌ವ್ಯೂಗೆ ಯಾವ ಫ್ರೇಮ್‌ವರ್ಕ್ ಓದಿಕೊಂಡರೆ ಸಾಕು? ಗೆಸ್ಟಿಮೇಟ್‌ಗೆ ಯಾವ್ಯಾವ ನಂಬರ್ ಬಾಯಿಪಾಠ ಮಾಡಬೇಕು?”

ಕನ್ಸಲ್ಟಿಂಗ್ ಕೆಲಸಕ್ಕೆ ಹೊರಟವರು ಫೋನ್ ಮಾಡಿ ಕೇಳುವುದು ಇದನ್ನೇ. ಕೇಸ್ ಅಂದರೆ ಒಂದು ಕಂಪನಿಯ ತೊಂದರೆ ಕೊಟ್ಟು ಬಿಡಿಸಿ ಅನ್ನುವುದು, ಗೆಸ್ಟಿಮೇಟ್ ಅಂದರೆ ಕೈಯಲ್ಲಿ ಅಂಕಿಅಂಶವಿಲ್ಲದೆ ಅಂದಾಜಿನ ಲೆಕ್ಕ ಹಾಕುವುದು, ಫ್ರೇಮ್‌ವರ್ಕ್ ಅಂದರೆ ಅದಕ್ಕೆಲ್ಲ ಸಿದ್ಧ ಚೌಕಟ್ಟು. ಯಾವುದೂ ಸಾಕಾಗುವುದಿಲ್ಲ. ಫೋನಿನಲ್ಲಿ ಇಷ್ಟು ಒರಟಾಗಿ ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಸಿಟ್ಟು ಬರುವುದು ಆ ‘ಸಾಕು’ ಎಂಬ ಪದಕ್ಕೆ. ಮದುವೆಗೆ ಎಷ್ಟು ಕೆ.ಜಿ. ಅಕ್ಕಿ ಹಾಕಬೇಕು ಅಂತ ಅಡುಗೆ ಭಟ್ಟರನ್ನು ಕೇಳಿದರೆ, ಅವರು ಮೊದಲು ಎಷ್ಟು ಜನ, ಮಧ್ಯಾಹ್ನವೋ ರಾತ್ರಿಯೋ ಅಂತ ವಿಚಾರಿಸುತ್ತಾರೆ. ನೀವು ಮಾತ್ರ ಕೇಸ್ ಏನೆಂದು ಕೇಳುವ ಮೊದಲೇ ಅಕ್ಕಿ ಅಳೆಯಲು ಕೂತಿರುತ್ತೀರಿ.

ಹೀಗೆ ಬಯ್ಯುವ ಅಧಿಕಾರ ನನಗೆ ಎಲ್ಲಿಂದ ಬಂತು ಅಂದರೆ, ನಾನೂ ಹಾಗೇ ಕೂತಿದ್ದೆ. ನನ್ನ ಮೊದಲ ಕನ್ಸಲ್ಟಿಂಗ್ ಇಂಟರ್‌ವ್ಯೂ. ಕಂಪನಿಯ ಹೆಸರು ಬೇಡ. ಎದುರಿಗಿದ್ದ ಮೇಡಂ ಕೇಳಿದ್ದು ಇಷ್ಟೇ: ಬೆಂಗಳೂರಿನ ಮನೆಗಳಿಗೆ ದಿನಕ್ಕೆ ಎಷ್ಟು ಪ್ಯಾಕೆಟ್ ದೋಸೆ ಹಿಟ್ಟು ಮಾರಾಟವಾಗುತ್ತದೆ? ನಾನು ಜನಸಂಖ್ಯೆಯನ್ನು ವಯಸ್ಸಿನ ಪ್ರಕಾರ ಹೋಳು ಮಾಡಲು ಶುರುಮಾಡಿದೆ. ಹದಿನೈದರ ಒಳಗಿನವರು, ಅರವತ್ತು ದಾಟಿದವರು, ನಡುವಿನವರು. ಪುಸ್ತಕದಲ್ಲಿ ಹಾಗಿತ್ತು. “ಎಂಟು ವರ್ಷದ ಹುಡುಗಿ ಹಿಟ್ಟು ಕೊಳ್ಳುತ್ತಾಳಾ?” ಅಂದರು. ಅಲ್ಲಿಗೆ ನನ್ನ ಮೊದಲ ಕಾಗದ ಮುದ್ದೆಯಾಯಿತು.

ಹಿಟ್ಟು ಕೊಳ್ಳುವುದು ಮನೆ, ಮನುಷ್ಯ ಅಲ್ಲ. ಮನೆಗಳನ್ನು ಬೇರೆ ಮಾಡುವುದು ವಯಸ್ಸಲ್ಲ, ಆದಾಯವೂ ಅಷ್ಟಾಗಿ ಅಲ್ಲ. ಆ ಮನೆಯಲ್ಲಿ ದೋಸೆ ಇಡ್ಲಿಯ ರೂಢಿ ಇದೆಯೇ, ಇದ್ದರೆ ಹಿಟ್ಟು ರುಬ್ಬುತ್ತಾರೋ ತರುತ್ತಾರೋ ಅನ್ನುವುದು. ಸ್ಟ್ರಕ್ಚರಿಂಗ್ ಅಂತ ನೀವೆಲ್ಲ ಹೆದರುವುದು ಇದಕ್ಕೇ. ಹೋಳುಗಳು ಒಂದರ ಮೇಲೊಂದು ಬೀಳಬಾರದು, ಏನೂ ಹೊರಗುಳಿಯಬಾರದು ಅಂತ ಎಲ್ಲರೂ ಕಲಿಸುತ್ತಾರೆ. ಸರಿ. ಆದರೆ ವಯಸ್ಸಿನ ಹೋಳುಗಳೂ ಆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಪಾಸಾಗುತ್ತವೆ, ಕೆಲಸಕ್ಕೆ ಮಾತ್ರ ಬರುವುದಿಲ್ಲ. ನಡತೆ ಎಲ್ಲಿ ಬದಲಾಗುತ್ತದೋ ಅಲ್ಲಿ ಕೊಯ್ಯಬೇಕು.

ಎರಡನೇ ಕಾಗದದ ಲೆಕ್ಕ ಇದು. ಈಗಿನ ಅಂದಾಜಿನಲ್ಲೇ ಬರೆಯುತ್ತೇನೆ. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನ. ಆಮೇಲೆ ಊರು ಬೆಳೆದದ್ದನ್ನು ಸೇರಿಸಿ 1.4 ಕೋಟಿ ಅಂತ ಇಟ್ಟುಕೊಳ್ಳೋಣ. ಮನೆಗೆ ನಾಲ್ಕು ಜನ, 35 ಲಕ್ಷ ಮನೆ. ಅರ್ಧ ಮನೆಗಳಲ್ಲಿ, ಅಂದರೆ 17.5 ಲಕ್ಷದಲ್ಲಿ, ದೋಸೆ ಇಡ್ಲಿ ರೂಢಿಯ ತಿಂಡಿ. ಅವರಲ್ಲಿ 40 ಶೇಕಡಾ ಹಿಟ್ಟು ಕೊಳ್ಳುವವರು ಅಂದರೆ 7 ಲಕ್ಷ ಮನೆ. ಒಂದು ಪ್ಯಾಕೆಟ್, ಅಂದರೆ ಒಂದು ಕೆ.ಜಿ. ಹಿಟ್ಟು, ನಾಲ್ಕು ಜನರ ಒಂದು ಹೊತ್ತಿನ ತಿಂಡಿಗೆ ಆಗುತ್ತದೆ. ವಾರಕ್ಕೆ ಎರಡು ಸಲ, 14 ಲಕ್ಷ ಪ್ಯಾಕೆಟ್. ರೂಢಿಯಿಲ್ಲದ ಇನ್ನರ್ಧದಲ್ಲಿ ಐದರಲ್ಲೊಂದು ಮನೆ ವಾರಕ್ಕೊಮ್ಮೆ ತಂದರೆ 3.5 ಲಕ್ಷ. ಒಟ್ಟು 17.5 ಲಕ್ಷ.

“ದಿನಕ್ಕೆ ಹದಿನೇಳೂವರೆ ಲಕ್ಷ ಕೆ.ಜಿ.” ಅಂದೆ, ಎದೆಯುಬ್ಬಿಸಿ.

ಅವರು ಪೆನ್ನು ಕೆಳಗಿಟ್ಟರು. “ಅಂದರೆ ಊರಿನ ಪ್ರತಿ ಮನೆಯೂ, ರೊಟ್ಟಿ ತಿನ್ನುವ ಮನೆಯೂ ಸೇರಿ, ದಿನಾ ಅರ್ಧ ಕೆ.ಜಿ. ಹಿಟ್ಟು ಕೊಳ್ಳುತ್ತೆ?” ಅದು ವಾರದ ಲೆಕ್ಕ. ಏಳರಿಂದ ಭಾಗಿಸುವುದನ್ನು ಮರೆತಿದ್ದೆ. ಸರಿಯಾದ ಉತ್ತರ ದಿನಕ್ಕೆ 2.5 ಲಕ್ಷ. ಕೆಲಸ ಸಿಗಲಿಲ್ಲ. ಭಾಗಾಕಾರ ಮರೆತದ್ದಕ್ಕಲ್ಲ ಅಂತ ಈಗ ಅನಿಸುತ್ತದೆ. ಬಂದ ಉತ್ತರವನ್ನು ಒಂದು ಮನೆಯ ಅಡುಗೆಮನೆಗೆ ತಂದು ನೋಡದೆ ಬಾಯಿಬಿಟ್ಟದ್ದಕ್ಕೆ.

ನಂಬರ್ ಬಾಯಿಪಾಠದ ಬದಲು ನೀವು ಕೇಳಬೇಕಾಗಿದ್ದ ಪ್ರಶ್ನೆಗೆ ಇಲ್ಲೇ ಬರುತ್ತೇನೆ: ಈ ಲೆಕ್ಕದಲ್ಲಿ ಯಾವ ಒಂದು ನಂಬರ್ ತಪ್ಪಾದರೆ ಉತ್ತರ ಮುಗ್ಗರಿಸುತ್ತದೆ? ಜನಸಂಖ್ಯೆ 1.4 ಅಲ್ಲ 1.5 ಕೋಟಿ ಅನ್ನಿ, ಉತ್ತರ 2.5ರಿಂದ ಸುಮಾರು 2.7 ಲಕ್ಷಕ್ಕೆ ಹೋಗುತ್ತದೆ, ಅಷ್ಟೇ. ಆ 40 ಶೇಕಡಾ ನಿಜವಾಗಿ 20 ಆಗಿದ್ದರೆ ಒಂದೂವರೆ ಲಕ್ಷಕ್ಕೆ ಕುಸಿಯುತ್ತದೆ. ಆದರೂ ನನ್ನ ಹತ್ತಿರ ಅಭ್ಯಾಸಕ್ಕೆ ಬರುವವರೆಲ್ಲ ಬೆಂಗಳೂರಿನ ಜನಸಂಖ್ಯೆಯ ಮೇಲೆ ಹತ್ತು ನಿಮಿಷ ಜಗಳ ಆಡಿ, ಆ 40ನ್ನು ಉಸಿರು ಬಿಡದೆ ದಾಟಿಬಿಡುತ್ತಾರೆ.

ಆ 40 ತಪ್ಪಿದ್ದರೆ ಹಿಡಿಯಲು ಇನ್ನೊಂದು ದಾರಿಯಿಂದ ಬರಬೇಕು, ಅಂಗಡಿಯ ಕಡೆಯಿಂದ. ನಮ್ಮ ಬೀದಿಯ ಅಂಗಡಿಗೆ ಬೆಳಿಗ್ಗೆ 20 ಪ್ಯಾಕೆಟ್ ಬರುತ್ತದೆ, ರಾತ್ರಿ ಶೆಟರ್ ಎಳೆಯುವಾಗ ಫ್ರಿಜ್ಜಿನಲ್ಲಿ ಐದು ಉಳಿದಿರುತ್ತದೆ. ಆ ಅಂಗಡಿಯನ್ನು ನಂಬಿಕೊಂಡ ಮನೆ ಸುಮಾರು 200. ಊರೆಲ್ಲ ಹೀಗೇ ಅಂದುಕೊಂಡರೆ 17,500 ಅಂಗಡಿ, ತಲಾ 15 ಪ್ಯಾಕೆಟ್, 2.6 ಲಕ್ಷ. ತಾಳೆಯಾಯಿತು ಅಂತ ಕುಣಿಯಬೇಡಿ. ನಮ್ಮದು ಬಸವನಗುಡಿ, ಇಲ್ಲಿ ದೋಸೆಯಿಲ್ಲದ ಮನೆ ಹುಡುಕಬೇಕು. ಇಲ್ಲಿನ ಲೆಕ್ಕ ಊರಿನ ಸರಾಸರಿಗಿಂತ ಮೇಲಿರಬೇಕಿತ್ತು. ಸಮ ಬಂದಿದೆಯೆಂದರೆ ನನ್ನ 2.5 ಲಕ್ಷವೇ ಹೆಚ್ಚಾಗಿರಬಹುದು. ಇಂಟರ್‌ವ್ಯೂದಲ್ಲಿ ಈ ಅನುಮಾನವನ್ನು ಗಟ್ಟಿಯಾಗಿ ಹೇಳಿ.

ಇನ್ನು ಫ್ರೇಮ್‌ವರ್ಕ್. ಅದೇ ಹಿಟ್ಟಿನ ಕಂಪನಿ ಬಂದು “ಮಾರಾಟ ಏರಿದೆ, ಲಾಭ ಇಳಿದಿದೆ, ಯಾಕೆ?” ಅಂತ ಕೇಳಿತು ಅನ್ನಿ. ಗ್ರಾಹಕ, ಸ್ಪರ್ಧಿ, ಉತ್ಪನ್ನ, ಕಂಪನಿ ಅಂತ ನಾಲ್ಕು ಡಬ್ಬಿ ಬರೆದರೆ ಅದು ಚಪ್ಪಲಿ ಕಂಪನಿಗೂ ಹೊಂದುತ್ತದೆ. ಅದರ ಬದಲು ಪ್ಯಾಕೆಟ್ಟಿನ ಹಿಂದೆ ನಡೆಯಿರಿ: ರುಬ್ಬುವುದು, ತಣ್ಣಗೆ ಸಾಗಿಸುವುದು, ಅಂಗಡಿಯ ಫ್ರಿಜ್ಜು, ಹುಳಿ ಬಂದು ಉಬ್ಬಿದರೆ ವಾಪಸ್. ಚಪ್ಪಲಿ ಹುಳಿಯಾಗುವುದಿಲ್ಲ.

ಆ ವಾಪಸ್ಸಿನಲ್ಲೇ ಕಥೆ ಇರಬಹುದು. ಉದಾಹರಣೆಗೆ, ಒಂದು ಪ್ಯಾಕೆಟ್ ತಯಾರಿಸಿ ತಲುಪಿಸಲು 45 ರೂಪಾಯಿ, ಅಂಗಡಿಯಿಂದ ಬರುವುದು 60. ಸಾವಿರ ಮಾಡಿ 50 ವಾಪಸ್ ಬಂದಾಗ 57,000 ಬಂತು, 45,000 ಖರ್ಚು, 12,000 ಉಳಿಯಿತು. ಹೊಸ ಬಡಾವಣೆಗಳ ಅಂಗಡಿಗಳಿಗೂ ಹಾಕಿ 1,400 ಮಾಡಿದರು, ಅಲ್ಲಿ ಬೇಡಿಕೆ ತೆಳು, 280 ವಾಪಸ್. ಮಾರಿದ್ದು 1,120, ಬಂದದ್ದು 67,200, ಖರ್ಚು 63,000. ಉಳಿದದ್ದು 4,200. ಮಾರಾಟ ಏರಿದೆ, ಲಾಭ ಸುಮಾರು ಮೂರನೇ ಒಂದು ಭಾಗಕ್ಕೆ ಬಂದಿದೆ. ಹಾಗಾಗಿ ನೀವು ಮೊದಲು ಕೇಳಬೇಕಾದ ಮಾಹಿತಿ ಸ್ಪರ್ಧಿಗಳ ಪಟ್ಟಿಯಲ್ಲ; ಹಳೆ ಅಂಗಡಿ, ಹೊಸ ಅಂಗಡಿಗಳ ವಾಪಸ್ಸಿನ ಲೆಕ್ಕ ಬೇರೆ ಬೇರೆಯಾಗಿ. ಎರಡರಲ್ಲೂ ವಾಪಸ್ ಅಷ್ಟೇ ಇದ್ದರೆ ನನ್ನ ಊಹೆ ಸತ್ತಿತು, ಉದ್ದಿನ ಬೇಳೆಯ ಬೆಲೆ ನೋಡಿ.

ಇದನ್ನೆಲ್ಲ ಕಳೆದ ವಾರ ಒಬ್ಬ ಹುಡುಗನಿಗೆ ಒಂದು ಗಂಟೆ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್: “ಸರ್, ನಮ್ಮ ಪಿಜಿಯಲ್ಲಿ 60 ಜನ, ಒಂದೇ ಅಡುಗೆಮನೆ, ಹಿಟ್ಟು ಅವರೇ ರುಬ್ಬುತ್ತಾರೆ. ನಿಮ್ಮ ಲೆಕ್ಕದಲ್ಲಿ ನಾವು 15 ಮನೆ ಆಗಿಬಿಟ್ಟಿದ್ದೀವಿ.”

ಹೌದು, ಆಗಿಬಿಟ್ಟಿದ್ದಾರೆ. ಇನ್ನೂ ಉತ್ತರ ಬರೆದಿಲ್ಲ.