ಗೀತೆಯ ಪದಪಟ್ಟಿ: ಮೊದಲ ಸುತ್ತು ಮುಗಿದ ಮೇಲೆ

ಭಗವದ್ಗೀತೆಯಲ್ಲಿ ಹೆಚ್ಚು ಸಲ ಬರುವ ಪದಗಳನ್ನು ಮೊದಲು ಕಲಿತು, ಆಮೇಲೆ ಮೂಲವನ್ನೇ ಓದಬೇಕು ಅನ್ನುವ ಕೆಲಸದ ಮೊದಲ ಹಂತ ಮುಗಿದಿದೆ. ಹನ್ನೆರಡನೇ ಅಧ್ಯಾಯವನ್ನು ಈಗ ಪ್ರತಿಪದಾರ್ಥದ ಆಸರೆಯಿಲ್ಲದೆ ಓದುತ್ತಿದ್ದೇನೆ. ಒಂದೊಂದು ಶ್ಲೋಕದಲ್ಲಿ ಎರಡು ಮೂರು ಪದಗಳ ಹತ್ತಿರ ತಡೆಯುತ್ತದೆ, ಉಳಿದದ್ದು ಸಾಗುತ್ತದೆ. ಪಟ್ಟಿ ಹೇಗೆ ಮಾಡಿದೆ, ಅದು ಎಲ್ಲಿಯವರೆಗೆ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತೇನೆ.

ಕನ್ನಡದವರಿಗೆ ಈ ಪಟ್ಟಿಯ ಲೆಕ್ಕಾಚಾರ ಬೇರೆಯೇ ಆಗುತ್ತದೆ. ಧರ್ಮ, ಕರ್ಮ, ಜ್ಞಾನ, ಬುದ್ಧಿ, ಕಾಮ, ಕ್ರೋಧ, ಸುಖ, ದುಃಖ ಇವನ್ನೆಲ್ಲ ಯಾರೂ ನಮಗೆ ಹೊಸದಾಗಿ ಕಲಿಸಬೇಕಿಲ್ಲ. ಶ್ಲೋಕ ಕೇಳಿದಾಗ ಅರ್ಧ ಅರ್ಥವಾದಂತೆ ಅನಿಸುವುದು ಅದಕ್ಕೇ. ಆದರೆ ಯಾರು, ಯಾರಿಗೆ, ಯಾವುದರಿಂದ, ಹೌದೋ ಅಲ್ಲವೋ ಎಂದು ಹೇಳುವುದು ಸಣ್ಣ ಪದಗಳು: ಚ, ನ, ಏವ, ಹಿ, ತು, ಅಪಿ, ವಾ, ಇತಿ. ಜೊತೆಗೆ ಸರ್ವನಾಮಗಳು: ಯಃ, ಸಃ, ತತ್, ಮಾಮ್, ಮೇ, ತೇ, ಅಸ್ಯ, ಏತತ್. ಇತಿಯಂಥ ಒಂದೆರಡನ್ನು ಬಿಟ್ಟರೆ ಇವು ಕನ್ನಡಕ್ಕೆ ಬಿಡಿಯಾಗಿ ಬಂದಿಲ್ಲ. ಗೀತೆಯ 700 ಶ್ಲೋಕಗಳಲ್ಲಿ ಪದೇ ಪದೇ ಬರುವವು ಮಾತ್ರ ಇವೇ. ಹೀಗಾಗಿ ನನ್ನ ಪಟ್ಟಿಯ ಮೇಲ್ಭಾಗದಲ್ಲಿ ತತ್ತ್ವದ ಪದಗಳು ಕಡಿಮೆ, ಅವುಗಳನ್ನು ಕಟ್ಟುವ ಪದಗಳು ಹೆಚ್ಚು.

ಪಟ್ಟಿ ಮಾಡುವಾಗ ಹೆಚ್ಚು ಹೊತ್ತು ಹಿಡಿದದ್ದು ಎಣಿಕೆಯಲ್ಲ, ಪದ ಬಿಡಿಸುವುದು. ಮುದ್ರಿತ ಶ್ಲೋಕವನ್ನು ಖಾಲಿ ಜಾಗ ನೋಡಿ ತುಂಡು ಮಾಡಿದರೆ ಸಂಧಿಯಾದ ಪದಗಳೆಲ್ಲ ಹೊಸ ಪದಗಳಾಗಿ ಎಣಿಕೆಗೆ ಸಿಗುತ್ತವೆ. ಚೈವ ಅಂದರೆ ಚ ಮತ್ತು ಏವ, ಚಾಪಿ ಅಂದರೆ ಚ ಮತ್ತು ಅಪಿ, ನೈವ ಅಂದರೆ ನ ಮತ್ತು ಏವ. ಬಿಡಿಸದೆ ಎಣಿಸಿದರೆ ಅತಿ ಬಳಕೆಯ ಪದಗಳೇ ಕೆಳಗಿಳಿಯುತ್ತವೆ. ಕೆಲವಂತೂ ಕಣ್ಣಿಗೇ ಬೀಳುವುದಿಲ್ಲ. ಹದಿನೆಂಟನೇ ಅಧ್ಯಾಯದ 65ನೇ ಶ್ಲೋಕ ನೋಡಿ:

ಮನ್ಮನಾ ಭವ ಮದ್ಭಕ್ತೋ ಮದ್ಯಾಜೀ ಮಾಂ ನಮಸ್ಕುರು

ಇಲ್ಲಿ ‘ನನ್ನ’ ಎಂಬ ಅರ್ಥ ಕೊಡುವ ಮತ್ ಎಂಬ ರೂಪ ಮೂರು ಸಲ ಬಂದಿದೆ. ಮನಾಃ ಜೊತೆ ಸೇರಿದಾಗ ಮನ್ ಆಗಿದೆ, ಭಕ್ತಃ ಮತ್ತು ಯಾಜೀ ಜೊತೆ ಸೇರಿದಾಗ ಮದ್ ಆಗಿದೆ. ಮತ್ ಎಂದು ಹುಡುಕಿದರೆ ಈ ಸಾಲಿನಲ್ಲಿ ಒಂದೂ ಸಿಗದು. ಕೃಷ್ಣ ತನ್ನ ಬಗ್ಗೆಯೇ ಹೇಳಿಕೊಳ್ಳುವ ಅಧ್ಯಾಯಗಳಲ್ಲಿ ಈ ರೂಪ ತುಂಬಿಕೊಂಡಿದೆ. ಒಂದು ಸಲ ಗುರುತು ಹತ್ತಿದರೆ ಮತ್ಪರಃ, ಮದ್ಭಾವಮ್, ಮಚ್ಚಿತ್ತಃ ಎಲ್ಲವೂ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಪಟ್ಟಿಯಿಂದ ನನಗಾದ ದೊಡ್ಡ ಲಾಭಗಳಲ್ಲಿ ಇದೊಂದು.

ಆದ್ದರಿಂದ ಪ್ರತಿಪದಾರ್ಥವಿರುವ ಮುದ್ರಿತ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಶ್ಲೋಕಗಳನ್ನು ಕೈಯಿಂದಲೇ ಬಿಡಿಸಿದೆ, ಸಮಾಸಗಳನ್ನೂ ಒಡೆದೆ. ವಿಸರ್ಗ ಲೋಪವಾದ ಕಡೆ ಮತ್ತೆ ಹಾಕಿದೆ. ಸ, ಸೋ, ಸಃ ಮೂರೂ ಒಂದೇ ಪದವಾಗಿ ಎಣಿಕೆಗೆ ಸಿಗಬೇಕಲ್ಲ. ಹಾಗೆ ಬಿಡಿಸಿದ ಪಠ್ಯ ಕೈಯಲ್ಲಿದ್ದರೆ ಎಣಿಕೆ ಒಂದೇ ಆಜ್ಞೆಯ ಕೆಲಸ:

```
tr -s ' ' '\n' < gita_pada.txt | sed 's/ಂ$/ಮ್/' \
  | LC_ALL=C sort | LC_ALL=C uniq -c \
  | sort -rn | head -150
```

ನಡುವಿನ `sed` ಸಾಲು ಕನ್ನಡ ಲಿಪಿಯ ಪಠ್ಯಕ್ಕೆ ಬೇಕೇ ಬೇಕು. ಒಬ್ಬರು ಅಹಂ ಎಂದು ಬರೆಯುತ್ತಾರೆ, ಇನ್ನೊಬ್ಬರು ಅಹಮ್ ಎಂದು. ಯಂತ್ರಕ್ಕೆ ಅವೆರಡೂ ಬೇರೆ ಬೇರೆ. ಪದದ ಕೊನೆಯ ಅನುಸ್ವಾರವನ್ನು ಮ್ ಮಾಡಿಬಿಟ್ಟರೆ ಎರಡೂ ಒಂದಾಗುತ್ತವೆ. ನೋಡಲು ಒಂದೇ ಥರ ಇರುವ ಪದ ಪಟ್ಟಿಯಲ್ಲಿ ಎರಡು ಕಡೆ ಕಂಡರೆ, ಒಳಗೆ ಕಣ್ಣಿಗೆ ಕಾಣದ ಜೋಡಕ ಅಕ್ಷರ ಸೇರಿಕೊಂಡಿರಬಹುದು. ಇದ್ದರೆ ಅದನ್ನು ಮೊದಲು ತೆಗೆದುಹಾಕಬೇಕು.

ಪಟ್ಟಿ ಬಂದ ಮೇಲೆ ಪ್ರತಿ ಪದಕ್ಕೂ ಒಂದು ಕಾರ್ಡ್ ಮಾಡಿದೆ. ಕಾರ್ಡಿನ ಮೇಲೆ ಪದ ಒಂಟಿಯಾಗಿರುವುದಿಲ್ಲ, ಗೀತೆಯದೇ ಒಂದು ಪಾದದೊಳಗೆ ಇರುತ್ತದೆ. ಹಿ ಎಂಬುದನ್ನು ಒಂಟಿಯಾಗಿ ಕಲಿತರೆ ನೆನಪಿನಲ್ಲಿ ನಿಲ್ಲುವುದಿಲ್ಲ, ನಿಂತರೂ ಓದುವಾಗ ಒದಗುವುದಿಲ್ಲ.

ಓದಲು ಹನ್ನೆರಡನೇ ಅಧ್ಯಾಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮೊದಲನೇ ಅಧ್ಯಾಯದಿಂದ ಶುರುಮಾಡಿದರೆ ಯೋಧರ ಹೆಸರುಗಳು, ಶಂಖಗಳ ಹೆಸರುಗಳು ಸಾಲುಗಟ್ಟುತ್ತವೆ. ಅವು ಮತ್ತೆ ಬರುವುದು ಅಪರೂಪ, ಪದಪಟ್ಟಿಯ ಫಲ ಅಲ್ಲಿ ಕಾಣುವುದಿಲ್ಲ. ಹನ್ನೆರಡನೆಯದರಲ್ಲಿ ಇರುವುದು 20 ಶ್ಲೋಕ. ಕೊನೆಯ ಭಾಗದಲ್ಲಿ ‘ಸ ಮೇ ಪ್ರಿಯಃ’ ಪಲ್ಲವಿಯ ಹಾಗೆ ಮರಳಿ ಮರಳಿ ಬರುತ್ತದೆ. ಅದರ 15ನೇ ಶ್ಲೋಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ:

ಯಸ್ಮಾನ್ನೋದ್ವಿಜತೇ ಲೋಕೋ ಲೋಕಾನ್ನೋದ್ವಿಜತೇ ಚ ಯಃ |
ಹರ್ಷಾಮರ್ಷಭಯೋದ್ವೇಗೈರ್ಮುಕ್ತೋ ಯಃ ಸ ಚ ಮೇ ಪ್ರಿಯಃ ||

ಬಿಡಿಸಿದರೆ: ಯಸ್ಮಾತ್ ನ ಉದ್ವಿಜತೇ ಲೋಕಃ, ಲೋಕಾತ್ ನ ಉದ್ವಿಜತೇ ಚ ಯಃ, ಹರ್ಷ ಅಮರ್ಷ ಭಯ ಉದ್ವೇಗೈಃ ಮುಕ್ತಃ ಯಃ, ಸಃ ಚ ಮೇ ಪ್ರಿಯಃ. ಸಮಾಸವನ್ನು ಒಡೆದು ಎಣಿಸಿದರೆ 19 ಪದ. ಯಸ್ಮಾತ್, ನ, ಚ, ಯಃ, ಸಃ, ಮೇ ಇವು ಪಟ್ಟಿಯ ಪದಗಳು, ಮರುಬಳಕೆ ಸೇರಿ 9. ಲೋಕ, ಹರ್ಷ, ಭಯ, ಉದ್ವೇಗ, ಮುಕ್ತ, ಪ್ರಿಯ ಕನ್ನಡದಿಂದಲೇ ಗೊತ್ತು, ಲೋಕ ಎರಡು ಸಲ ಬಂದದ್ದರಿಂದ 7. ಉಳಿದದ್ದು 3: ಅಮರ್ಷ ಒಂದು, ಉದ್ವಿಜತೇ ಎರಡು ಸಲ.

ಲೆಕ್ಕಕ್ಕೆ 19ರಲ್ಲಿ 16 ಪದ ಗೊತ್ತು, ಅಂದರೆ ನೂರಕ್ಕೆ 84. ಆದರೆ ಶ್ಲೋಕದ ಮೊದಲ ಸಾಲಿನ ಜೀವ ಇರುವುದೇ ಉದ್ವಿಜತೇ ಎಂಬ ಕ್ರಿಯಾಪದದಲ್ಲಿ. ಅದು ಗೊತ್ತಿಲ್ಲದಿದ್ದರೆ ‘ಯಾರಿಂದ ಲೋಕ ಏನೋ ಆಗುವುದಿಲ್ಲವೋ, ಲೋಕದಿಂದ ಯಾರು ಏನೋ ಆಗುವುದಿಲ್ಲವೋ’ ಎಂಬಲ್ಲಿಗೆ ನಿಲ್ಲುತ್ತದೆ. ಚೌಕಟ್ಟು ಪೂರ್ತಿ, ನಡುವೆ ಖಾಲಿ. ಈ ಶ್ಲೋಕದಲ್ಲಿ ಉತ್ತರ ಎರಡನೇ ಸಾಲಿನಲ್ಲೇ ಇದೆ: ಉದ್ವೇಗ ಮತ್ತು ಉದ್ವಿಜತೇ ಒಂದೇ ಧಾತುವಿನವು. ಲೋಕ ಯಾರಿಂದ ಉದ್ವೇಗಗೊಳ್ಳುವುದಿಲ್ಲವೋ, ಯಾರು ಲೋಕದಿಂದ ಉದ್ವೇಗಗೊಳ್ಳುವುದಿಲ್ಲವೋ ಎಂದು ಹೊಂದುತ್ತದೆ. ಅಮರ್ಷ, ಅಂದರೆ ಅಸಹನೆ, ಒಂದಕ್ಕೆ ಮಾತ್ರ ನಿಘಂಟು ತೆಗೆಯಬೇಕಾಯಿತು.

ಇದೇ ಶ್ಲೋಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಲೋಕಾನ್ನ ಎಂಬುದನ್ನು ಲೋಕಾನ್ + ನ ಎಂದೂ ಒಡೆಯಬಹುದು, ಲೋಕಾತ್ + ನ ಎಂದೂ ಒಡೆಯಬಹುದು. ಎರಡರಿಂದಲೂ ಅದೇ ಸದ್ದು ಬರುತ್ತದೆ. ಮೊದಲನೆಯದಾದರೆ ‘ಲೋಕಗಳನ್ನು’, ಎರಡನೆಯದಾದರೆ ‘ಲೋಕದಿಂದ’. ತೀರ್ಮಾನ ಕೊಡುವುದು ಸಾಲಿನ ಆರಂಭದ ಯಸ್ಮಾತ್. ಅದು ಪಂಚಮಿ, ಆದ್ದರಿಂದ ಅದಕ್ಕೆ ಎದುರುಬದುರಾಗಿ ನಿಂತ ಲೋಕವೂ ಪಂಚಮಿಯೇ. ಸರ್ವನಾಮದ ವಿಭಕ್ತಿ ಗಟ್ಟಿಯಾಗಿ ಗೊತ್ತಿದ್ದರೆ ಸಂಧಿಯ ಗೊಂದಲವನ್ನು ಅದೇ ಬಿಡಿಸಿಕೊಡುತ್ತದೆ. ಹೀಗಾಗಿ ಯದ್, ತದ್, ಅಸ್ಮದ್, ಯುಷ್ಮದ್ ನಾಲ್ಕರ ಏಕವಚನ, ಬಹುವಚನಗಳನ್ನು ಬಾಯಿಪಾಠ ಮಾಡಿದೆ. ದ್ವಿವಚನವನ್ನು ಸದ್ಯಕ್ಕೆ ಬಿಟ್ಟಿದ್ದೇನೆ.

ತೇ ಎಂಬುದಕ್ಕೆ ಎರಡು ಕಾರ್ಡ್ ಇದೆ. ‘ತೇ ಪ್ರಾಪ್ನುವಂತಿ ಮಾಮೇವ’ ಎಂಬಲ್ಲಿ ಅದು ‘ಅವರು’. ‘ಸತ್ಯಂ ತೇ ಪ್ರತಿಜಾನೇ’ ಎಂಬಲ್ಲಿ ‘ನಿನಗೆ’. ‘ನಿನಗೆ’ ಎಂಬ ಅರ್ಥದ ತೇ ಪಾದದ ಆರಂಭದಲ್ಲಿ ಬರುವುದಿಲ್ಲ. ಪಾದ ತೇ ಎಂದೇ ಶುರುವಾದರೆ ಅದು ‘ಅವರು’. ನಡುವೆ ಬಂದಾಗ ಹಿಂದೆ ಯೇ ಇದೆಯೇ ಎಂದು ಹುಡುಕುತ್ತೇನೆ. ಹನ್ನೆರಡನೇ ಅಧ್ಯಾಯದ ಕೊನೆಯ ಶ್ಲೋಕ ‘ಯೇ ತು’ ಎಂದು ಆರಂಭವಾಗುತ್ತದೆ, ಆದ್ದರಿಂದ ‘ಭಕ್ತಾಸ್ತೇಽತೀವ ಮೇ ಪ್ರಿಯಾಃ’ ಎಂಬಲ್ಲಿನ ತೇ ‘ಅವರು’.

ಕನ್ನಡದಿಂದ ಗೊತ್ತು ಎಂದು ಎಣಿಸಿದ ಪದಗಳನ್ನೂ ಒಮ್ಮೆ ಜರಡಿ ಹಿಡಿಯಬೇಕು. ಗೀತೆಯ ಭೂತ ಅಂದರೆ ಹೆಚ್ಚಾಗಿ ಜೀವಿ, ಸಂಗ ಅಂದರೆ ಅಂಟು. ಎರಡನೇ ಅಧ್ಯಾಯದ 64ನೇ ಶ್ಲೋಕದಲ್ಲಿ ಬರುವ ಪ್ರಸಾದ ಮನಸ್ಸಿನ ತಿಳಿತನ. ಇಂಥವಕ್ಕೆ ಬೇರೆ ಬಣ್ಣದ ಕಾರ್ಡ್ ಇಟ್ಟಿದ್ದೇನೆ. ಗುರುತಾಗದ ಪದ ಓದನ್ನು ತಡೆದು ನಿಲ್ಲಿಸುತ್ತದೆ, ಇವು ತಡೆಯದೆ ತಪ್ಪು ದಾರಿಗೆ ಕರೆದೊಯ್ಯುತ್ತವೆ.

ಇಷ್ಟಾದ ಮೇಲೆ ಉಳಿದಿರುವುದು ಕ್ರಿಯಾಪದ. ರೂಪಗಳ ಪಟ್ಟಿ ಇಲ್ಲಿ ಕೈಕೊಡುತ್ತದೆ. ಹೆಚ್ಚಿನ ಕ್ರಿಯಾರೂಪಗಳು ಬರುವುದು ಅಪರೂಪ, ಹಾಗಾಗಿ ಎಣಿಕೆಯಲ್ಲಿ ಕೆಲವು ಮಾತ್ರ ಮೇಲೇಳುತ್ತವೆ. 2ನೇ ಅಧ್ಯಾಯದ 62ನೇ ಶ್ಲೋಕ ಇದಕ್ಕೆ ಒಳ್ಳೆಯ ಉದಾಹರಣೆ:

ಧ್ಯಾಯತೋ ವಿಷಯಾನ್ಪುಂಸಃ ಸಂಗಸ್ತೇಷೂಪಜಾಯತೇ |
ಸಂಗಾತ್ಸಂಜಾಯತೇ ಕಾಮಃ ಕಾಮಾತ್ಕ್ರೋಧೋಽಭಿಜಾಯತೇ ||

ಉಪಜಾಯತೇ, ಸಂಜಾಯತೇ, ಅಭಿಜಾಯತೇ. ರೂಪಗಳಾಗಿ ಎಣಿಸಿದರೆ ಮೂರು ಬಿಡಿ ಪದ. ಧಾತುವಾಗಿ ಎಣಿಸಿದರೆ ಮೂರೂ ಜನ್, ‘ಹುಟ್ಟು’. ಉಪಸರ್ಗ ತೆಗೆದು ಜಾಯತೇ ಒಂದನ್ನು ಗುರುತಿಸಿದರೆ ಶ್ಲೋಕದ ಮೂರು ಕ್ರಿಯಾಪದವೂ ಒಟ್ಟಿಗೆ ತೆರೆಯುತ್ತವೆ: ವಿಷಯಗಳನ್ನೇ ನೆನೆಯುವವನಿಗೆ ಅವುಗಳಲ್ಲಿ ಅಂಟು ಹುಟ್ಟುತ್ತದೆ, ಅಂಟಿನಿಂದ ಕಾಮ ಹುಟ್ಟುತ್ತದೆ, ಕಾಮದಿಂದ ಕ್ರೋಧ ಹುಟ್ಟುತ್ತದೆ.

ಎರಡನೇ ಸುತ್ತಿನ ಪಟ್ಟಿಯನ್ನು ಹೀಗೆ ಧಾತುವಿನ ಮೇಲೆ ಕಟ್ಟಲು ಶುರುಮಾಡಿದ್ದೇನೆ. ಬಿಡಿಸಿದ ಪಠ್ಯದಲ್ಲಿ ಪ್ರತಿ ಕ್ರಿಯಾಪದದ ಎದುರು ಉಪಸರ್ಗ ಒಂದು ಕಂಬಸಾಲಿನಲ್ಲಿ, ಧಾತು ಇನ್ನೊಂದು ಕಂಬಸಾಲಿನಲ್ಲಿ. ಭೂ, ಕೃ, ಗಮ್, ಜ್ಞಾ, ಸ್ಥಾ, ಯುಜ್, ದೃಶ್, ವಚ್ ಮೊದಲಿಗೆ. ಯುಕ್ತ, ಕೃತ, ಸ್ಥಿತ, ಉಕ್ತ ಎಂಬ ಭೂತಕೃದಂತಗಳು ಗೀತೆಯಲ್ಲಿ ವಾಕ್ಯದ ಕ್ರಿಯಾಪದದ ಜಾಗದಲ್ಲೇ ಎಷ್ಟೋ ಕಡೆ ನಿಲ್ಲುವುದರಿಂದ ಅವನ್ನೂ ಆಯಾ ಧಾತುವಿನ ಕೆಳಗೇ ಸೇರಿಸುತ್ತಿದ್ದೇನೆ. ಎರಡನೇ ಅಧ್ಯಾಯದ ಸ್ಥಿತಪ್ರಜ್ಞನ ಭಾಗ, 54ರಿಂದ 72ರವರೆಗೆ, ಈ ಪಟ್ಟಿಯ ಪರೀಕ್ಷೆ. ಅಲ್ಲಿನ ಕ್ರಿಯಾಪದಗಳನ್ನು ಗುರುತು ಹಾಕುತ್ತಾ 61ನೇ ಶ್ಲೋಕದವರೆಗೆ ಬಂದಿದ್ದೇನೆ.