ಎರೆ ಭೂಮಿಯ ಮನೆಗೆ ಯಾವ ಪಾಯ: ಏಪ್ರಿಲ್‌ನಿಂದ ಜುಲೈವರೆಗಿನ ಟಿಪ್ಪಣಿ

ಏಪ್ರಿಲ್, ಎರಡನೇ ವಾರ

ಕಲಬುರಗಿಯ ಹೊರವಲಯದಲ್ಲಿ, ಹಳ್ಳದ ಕಡೆಗೆ ಇಳಿಜಾರಾಗಿರುವ ನಲವತ್ತು ಅಡಿಗೆ ಅರವತ್ತು ಅಡಿಯ ನಿವೇಶನದಲ್ಲಿ ನಮ್ಮ ಮನೆ ಕಟ್ಟಬೇಕು. ಈಗ ನೆಲ ಅಂತಸ್ತು, ಮುಂದೆ ಅದರ ಮೇಲೆ ಇನ್ನೊಂದು. ಮನೆಯ ಅಳತೆ 9 ಮೀಟರ್‌ಗೆ 10.5 ಮೀಟರ್. ಉದ್ದಕ್ಕೆ ಮೂರೂವರೆ ಮೀಟರ್‌ಗೊಂದರಂತೆ ನಾಲ್ಕು ಅಡ್ಡ ಸಾಲುಗಳು, ಪ್ರತಿ ಸಾಲಿನಲ್ಲಿ ಮೂರು ಕಾಲಂ, ಒಟ್ಟು ಹನ್ನೆರಡು. ಎರಡೂ ಅಂತಸ್ತು ಸೇರಿಸಿ ಲೆಕ್ಕ ಹಾಕಿದಾಗ ಒಳಗಿನ ಎರಡು ಕಾಲಂಗಳ ಮೇಲೆ ತಲಾ 40 ಟನ್, ಅಂಚಿನ ಆರರ ಮೇಲೆ ತಲಾ 25 ಟನ್, ಮೂಲೆಯ ನಾಲ್ಕರ ಮೇಲೆ ತಲಾ 16 ಟನ್ ಬರುತ್ತದೆ. ಒಟ್ಟು 294 ಟನ್, ಅಂದರೆ ಮನೆಯ ವಿಸ್ತೀರ್ಣಕ್ಕೆ ಹರಡಿದರೆ ಚದರ ಮೀಟರ್‌ಗೆ ಮೂರು ಟನ್‌ಗಿಂತ ಸ್ವಲ್ಪ ಹೆಚ್ಚು. ಇದು ಹಗುರವಾದ ಮನೆ.

ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ನಮ್ಮ ಅಪ್ಪನವರಿಗೆ ನಾಲ್ಕು ಅಡಿ ತೋಡಿ ಶಹಾಬಾದ್ ಕಲ್ಲಿನ ಪಟ್ಟಿ ಪಾಯ ಹಾಕುವುದೇ ಸರಿ. ಊರಿನ ಹಳೆಯ ಮನೆ ಹಾಗೆಯೇ ನಿಂತಿದೆ. ಮಾವನವರು ಎರೆ ಭೂಮಿಗೆ ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸಾಗಿ ಹಾಕುವ ರಾಫ್ಟ್ ಬಿಟ್ಟು ಬೇರೇನೂ ನಿಲ್ಲುವುದಿಲ್ಲ ಎಂದರು. ಗೌಂಡಿಯವರು ಕಾಲಂಗೊಂದು ಫೂಟಿಂಗ್, ಅಂದರೆ ಪ್ರತಿ ಕಾಲಂನ ಬುಡಕ್ಕೆ ಬೇರೆ ಬೇರೆ ಕಾಂಕ್ರೀಟ್ ಪಾದ, ಐದಡಿ ಆಳದಲ್ಲಿ ಹಾಕಿದರೆ ಸಾಕೆಂದರು. ಯಾರ ಮಾತನ್ನೂ ಒಪ್ಪುವ ಮೊದಲು ನೆಲವನ್ನು ನೋಡೋಣವೆಂದು ಬೇಸಿಗೆಯಲ್ಲೇ ಮೂರು ತೆಗ್ಗು ತೋಡಿಸಿದೆವು.

ಬೇಸಿಗೆಯಲ್ಲಿ ತೋಡಿಸಿದ್ದಕ್ಕೆ ಕಾರಣವಿದೆ. ಎರೆ ಮಣ್ಣು ಒಣಗಿ ಬಿರಿಯುವುದು ಆಗಲೇ, ಮತ್ತು ಆ ಬಿರುಕು ಎಷ್ಟು ಆಳಕ್ಕೆ ಹೋಗುತ್ತದೆಯೋ ಸರಿಸುಮಾರು ಅಷ್ಟು ಆಳದ ಮಣ್ಣಂತೂ ವರ್ಷವರ್ಷವೂ ಕುಗ್ಗಿ ಉಬ್ಬುತ್ತದೆ. ತೆಳುವಾದ ಕಂಬಿಯನ್ನು ನಾಲ್ಕಾರು ಬಿರುಕುಗಳಲ್ಲಿ ಇಳಿಬಿಟ್ಟು ನೋಡಿದೆ. ಒಂದು ಕಡೆ ಅದು 1.3 ಮೀಟರ್‌ವರೆಗೆ ತಡೆಯಿಲ್ಲದೆ ಇಳಿಯಿತು. ಮುಂದಿನ ಅನೇಕ ತೀರ್ಮಾನಗಳು ಈ ಒಂದು ಅಳತೆಯ ಮೇಲೆ ನಿಂತವು.

ಏಪ್ರಿಲ್, ಕೊನೆಯ ವಾರ

ರಸ್ತೆ ಕಡೆಯ ತೆಗ್ಗಿನಲ್ಲಿ 1.7 ಮೀಟರ್‌ಗೆ ಕಲ್ಲು ಸವೆದು ಆದ, ಎರೆಯಂತೆ ಉಬ್ಬದ ಗಟ್ಟಿ ಮುರಂ ಸಿಕ್ಕಿತು. ನಡುವಿನ ತೆಗ್ಗಿನಲ್ಲಿ ಅದು 2 ಮೀಟರ್ ದಾಟಿದ ಮೇಲೆ ಸಿಕ್ಕಿತು. ಹಳ್ಳದ ಕಡೆಯ ತೆಗ್ಗಿನಲ್ಲಿ ಎರಡು ಮೀಟರ್ ಆದ ಮೇಲೂ ತೇವವಾದ ಕಪ್ಪು ಮಣ್ಣೇ ಬರುತ್ತಿತ್ತು. ಗೌಂಡಿಯವರು ಹಾರೆ ಊರಿ ನೋಡಿ, "ಸರ್, ಹಾರಿ ಇನ್ನೂ ಮೆತ್ತಗ ಇಳಿಲಾಕತ್ತದ, ಇಲ್ಲಿ ಮುರಂ ಇಲ್ರೀ" ಎಂದರು. ಅದಕ್ಕಿಂತ ಕೆಳಗೆ ಆಳನ್ನು ಇಳಿಸಲು ನಾನು ಒಪ್ಪಲಿಲ್ಲ, ಏಕೆಂದರೆ ಒಣಗಿ ಬಿರಿದ ಎರೆ ಮಣ್ಣಿನ ಗೋಡೆ ಹಲಗೆಯಂತೆ ಕಳಚಿ ಬೀಳುತ್ತದೆ. ಕೈಯಿಂದ ತಿರುಗಿಸುವ ಬೈರಿಗೆಯನ್ನು ಬಾಡಿಗೆಗೆ ತಂದು ಕೊರೆದಾಗ ಅಲ್ಲಿ ಮುರಂ 3.2 ಮೀಟರ್‌ನಲ್ಲಿ ತಾಗಿತು.

ಮಣ್ಣನ್ನು ಪ್ರಯೋಗಾಲಯಕ್ಕೆ ಕೊಟ್ಟೆವು. ಉಬ್ಬುವ ಗುಣದ ಪರೀಕ್ಷೆ ಸರಳವಾದದ್ದು: 425 ಮೈಕ್ರಾನ್ ಜರಡಿ ಹಿಡಿದ ಒಣ ಮಣ್ಣನ್ನು ಹತ್ತು ಹತ್ತು ಗ್ರಾಂನಂತೆ ಎರಡು ಅಳತೆಯ ಗಾಜಿನ ಕೊಳವೆಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದು ದಿನ ಬಿಟ್ಟು ನೋಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನಮ್ಮ ಮಣ್ಣು ಸೀಮೆಎಣ್ಣೆಯಲ್ಲಿ 12 ಮಿಲಿ ಲೀಟರ್, ನೀರಿನಲ್ಲಿ 21 ಮಿಲಿ ಲೀಟರ್ ಜಾಗ ಹಿಡಿಯಿತು. ಅಂದರೆ ಉಬ್ಬು ಶೇಕಡಾ 75. ಇನ್ನೊಂದು ಪರೀಕ್ಷೆಯಲ್ಲಿ, ಉಬ್ಬದಂತೆ ತಡೆಹಿಡಿಯಲು ಬೇಕಾದ ಒತ್ತಡ ಚದರ ಮೀಟರ್‌ಗೆ 9 ಟನ್ ಎಂದು ಬಂತು. ಭಾರ ಹೊರುವ ಮಿತಿಯನ್ನು ಎಂಜಿನಿಯರ್ ಚದರ ಮೀಟರ್‌ಗೆ ಕಪ್ಪು ಮಣ್ಣಿಗೆ 8 ಟನ್, ಮುರಂಗೆ 15 ಟನ್ ಎಂದು ಗೊತ್ತುಮಾಡಿದರು.

ಮೇ

ಮೊದಲು ನಾನು ಬರೀ ಭಾರದ ಲೆಕ್ಕ ಹಾಕಿದೆ. ಅದು ಎಷ್ಟು ದಾರಿ ತಪ್ಪಿಸಬಲ್ಲದೆಂಬುದನ್ನು ಇಲ್ಲಿ ಬರೆದಿಡಬೇಕು.

ಫೂಟಿಂಗ್‌ನ ಸ್ವಂತ ತೂಕಕ್ಕೆ ಶೇಕಡಾ ಹತ್ತು ಸೇರಿಸಿ, ಕಪ್ಪು ಮಣ್ಣಿನ 8 ಟನ್ ಮಿತಿಯಲ್ಲಿ ನೋಡಿದರೆ, ಒಳಗಿನ ಕಾಲಂಗೆ 5.5 ಚದರ ಮೀಟರ್, ಅಂಚಿನದಕ್ಕೆ ಸುಮಾರು 3.4, ಮೂಲೆಯದಕ್ಕೆ 2.2 ಬೇಕಾಗುತ್ತದೆ. ಹನ್ನೆರಡೂ ಸೇರಿ 40 ಚದರ ಮೀಟರ್, ಅಂದರೆ ಮನೆಯ ವಿಸ್ತೀರ್ಣದ ಶೇಕಡಾ 43. ಬಿಡಿ ಫೂಟಿಂಗ್‌ಗಳು ಮನೆಯ ಅರ್ಧ ಜಾಗವನ್ನು ದಾಟಿದರೆ ರಾಫ್ಟ್ ಲಾಭ ಎಂಬುದು ಕಟ್ಟುವವರ ಬಳಕೆಯ ಲೆಕ್ಕ. ನಮ್ಮದು ಅದರ ಹತ್ತಿರ ಬಂದರೂ ದಾಟಲಿಲ್ಲ. ಇನ್ನು ಪಟ್ಟಿ ಪಾಯ: ಎಲ್ಲ ಸಾಲುಗಳ ಉದ್ದ 67.5 ಮೀಟರ್; ಮೀಟರ್‌ಗೆ ನಾಲ್ಕೂವರೆ ಟನ್‌ಗಿಂತ ಕಡಿಮೆ ಭಾರ; ಹಾಗಾಗಿ ಅರವತ್ತು ಸೆಂಟಿಮೀಟರ್ ಅಗಲವೇ ಸಾಕು. ಕಾಗದದ ಮೇಲೆ ಎಲ್ಲಕ್ಕಿಂತ ಅಗ್ಗವಾದದ್ದು ಅಪ್ಪನವರು ಹೇಳಿದ ಪಾಯವೇ.

ಆದರೆ ನಾಲ್ಕು ಅಡಿ ಎಂದರೆ 1.2 ಮೀಟರ್, ಮತ್ತು ನನ್ನ ಕಂಬಿ ಇಳಿದದ್ದು 1.3 ಮೀಟರ್. ಆ ಪಾಯ ಪೂರ್ತಿಯಾಗಿ ಬಿರಿಯುವ ಮಣ್ಣಿನೊಳಗೇ ಕೂರುತ್ತದೆ. ಮಣ್ಣು ಭಾರ ಹೊರಲಾರದೆ ಕುಸಿಯುವುದು ಬೇರೆ, ಮಳೆಗಾಲದಲ್ಲಿ ಮನೆಯನ್ನು ಎತ್ತಿ ಬೇಸಿಗೆಯಲ್ಲಿ ಇಳಿಸುವುದು ಬೇರೆ. ಅಗಲ ಹೆಚ್ಚಿಸಿದರೆ ಮೊದಲನೆಯದು ತಪ್ಪುತ್ತದೆ, ಎರಡನೆಯದು ತಪ್ಪುವುದಿಲ್ಲ. ಊರಿನ ಹಳೆಯ ಮನೆ ನಿಂತಿರುವುದು ನಿಜ. ಅದರ ದಪ್ಪ ಗೋಡೆಗಳು ತಮ್ಮ ತೂಕದಿಂದ ಮಣ್ಣನ್ನು ಅದುಮಿ ಹಿಡಿದಿವೆ. ಮಣ್ಣು ಮತ್ತು ಗಚ್ಚಿನಲ್ಲಿ ಕಟ್ಟಿದ್ದರಿಂದ ಚಲನೆಯೆಲ್ಲ ನೂರಾರು ಕೂದಲು ಬಿರುಕುಗಳಾಗಿ ಹಂಚಿಹೋಗಿದೆ, ಪ್ರತಿ ದೀಪಾವಳಿಗೆ ಸುಣ್ಣ ಬಳಿದಾಗ ಅವು ಮುಚ್ಚುತ್ತವೆ. ಸಿಮೆಂಟಿನಲ್ಲಿ ಕಟ್ಟಿದ ತೆಳು ಗೋಡೆಗೆ ಆ ಸಡಿಲವಿಲ್ಲ. ಅದು ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದೇ ದೊಡ್ಡ ಬಿರುಕು ಬಿಡುತ್ತದೆ. ಆ ಬಿರುಕು ಬೇಸಿಗೆ ಮತ್ತು ಮಳೆಗಾಲಗಳ ನಡುವೆ ಕಿರಿದಾಗಿ ಅಗಲವಾಗುತ್ತಿದ್ದರೆ ಕಾರಣ ಉಬ್ಬುವ ಮಣ್ಣು. ಒಂದೇ ಸಮನೆ ಬೆಳೆಯುತ್ತಿದ್ದರೆ ಪಾಯ ಕುಸಿಯುತ್ತಿದೆ ಎಂದು ತಿಳಿಯಬಹುದು. ಪಟ್ಟಿಯನ್ನು ಮುರಂವರೆಗೆ ಇಳಿಸುವುದಾದರೆ 67 ಮೀಟರ್ ಉದ್ದದ ಕಂದಕವನ್ನು ಎರಡರಿಂದ ಮೂರು ಮೀಟರ್ ಆಳಕ್ಕೆ ತೋಡಿ ಕಲ್ಲು ತುಂಬಬೇಕು. ಅದನ್ನು ಅಪ್ಪನವರೇ ಬೇಡವೆಂದರು.

ರಾಫ್ಟ್ ವಿಚಾರದಲ್ಲಿ ನಾನು ಹೆಚ್ಚು ದಿನ ಯೋಚಿಸಿದೆ, ಏಕೆಂದರೆ ಮಾವನವರ ಮಾತಿನಲ್ಲಿ ಸತ್ಯವಿದೆ. ಮೆತ್ತನೆಯ ನೆಲದಲ್ಲಿ ಅಲ್ಲಲ್ಲಿ ಹೆಚ್ಚುಕಡಿಮೆ ಕುಸಿತವಾದರೂ ಇಡೀ ಮನೆಯನ್ನು ಒಟ್ಟಿಗೆ ಹಿಡಿದುಕೊಳ್ಳುವುದು ರಾಫ್ಟೇ. ಆದರೆ ನಮ್ಮ ಮನೆಯ ಭಾರಕ್ಕೆ, ಸುತ್ತಲೂ 30 ಸೆಂಟಿಮೀಟರ್ ಹೊರಚಾಚುವ, 30 ಸೆಂಟಿಮೀಟರ್ ದಪ್ಪದ ರಾಫ್ಟ್‌ನ ತೂಕ ಸೇರಿಸಿದರೂ ಒತ್ತಡ ಚದರ ಮೀಟರ್‌ಗೆ ಮೂರೂವರೆ ಟನ್. ಮಣ್ಣು ಮೇಲಕ್ಕೆ ಒತ್ತಬಲ್ಲದ್ದು 9 ಟನ್. ಭಾರವನ್ನು ಹರಡಿದಷ್ಟೂ ಮಣ್ಣಿನ ಮೇಲಿನ ನಮ್ಮ ಹಿಡಿತ ಸಡಿಲವಾಗುತ್ತದೆ. ಮೊದಲ ಮಳೆಗಳಲ್ಲಿ ಅಂಚಿನ ಮಣ್ಣು ನೆನೆದು ಅಂಚು ಏಳುತ್ತದೆ. ಕೆಲವು ವರ್ಷಗಳಲ್ಲಿ, ಆವಿಯಾಗದೆ ಉಳಿದ ತೇವ ನಡುವೆ ಸೇರಿ, ನಡುಭಾಗ ಗುಮ್ಮಟದಂತೆ ಏಳುತ್ತದೆ. ಇದನ್ನು ತಡೆಯಲು ರಾಫ್ಟ್‌ನ ಅಡಿಗೆ ಆಳವಾದ ಬೀಮ್‌ಗಳನ್ನು ಕೊಟ್ಟು ಬಿಗಿಗೊಳಿಸಬೇಕು. ಜೊತೆಗೆ ರಾಫ್ಟ್‌ನ ಸುತ್ತ ಒಂದು ಮೀಟರ್ ಹೊರಗಿನವರೆಗೆ 90 ಸೆಂಟಿಮೀಟರ್ ಕಪ್ಪು ಮಣ್ಣು ತೆಗೆದು ಮುರಂ ತುಂಬಬೇಕು. ಬೀಮ್ ಬಿಟ್ಟೇ 32 ಘನ ಮೀಟರ್ ಕಾಂಕ್ರೀಟ್, ಮೇಲೆ ಕೆಳಗೆ ಎರಡು ಜಾಲರಿ ಕಬ್ಬಿಣ, 137 ಘನ ಮೀಟರ್ ಮುರಂ. ಅಷ್ಟಾದರೂ ರಸ್ತೆ ಕಡೆ ಅಡಿಯಲ್ಲಿ ಉಳಿಯುವ ಕಪ್ಪು ಮಣ್ಣು ಒಂದು ಮೀಟರ್ ಒಳಗೆ, ಹಳ್ಳದ ಕಡೆ ಎರಡು ಮೀಟರ್‌ಗಿಂತ ಹೆಚ್ಚು. ಮುರಂ ಐದಾರು ಮೀಟರ್‌ವರೆಗೂ ಸಿಗದಿದ್ದರೆ, ಅಥವಾ ನಿವೇಶನ ಹಳೆಯ ತುಂಬು ಮಣ್ಣಿನದಾಗಿದ್ದರೆ, ಬಿಡಿ ಫೂಟಿಂಗ್‌ಗಳ ಮಾತನ್ನೇ ಬಿಟ್ಟು ಆಳಕ್ಕೆ ಕೊರೆದು ಕಾಂಕ್ರೀಟ್ ತುಂಬುವ, ಬುಡ ಅಗಲಿಸಿದ ಪೈಲ್ ಮತ್ತು ಬಿಗಿಯಾದ ರಾಫ್ಟ್ ಇವೆರಡರ ನಡುವೆ ಆರಿಸುತ್ತಿದ್ದೆ.

ಕಾಲಂಗೊಂದು ಫೂಟಿಂಗ್ ಎಂಬ ಗೌಂಡಿಯವರ ಮಾತು ಉಳಿಯಿತು, ಆದರೆ ಅವರು ಹೇಳಿದ ಐದಡಿ ಆಳದಲ್ಲಲ್ಲ, ಮತ್ತು ಎಲ್ಲವೂ ಒಂದೇ ಆಳದಲ್ಲಲ್ಲ. ಎರಡು ಮೀಟರ್‌ಗೆ ಎಲ್ಲವನ್ನೂ ನಿಲ್ಲಿಸಿದ್ದರೆ ರಸ್ತೆ ಕಡೆಯವು ಮುರಂ ಮೇಲೆ, ಹಳ್ಳದ ಕಡೆಯವು ಮೆತ್ತನೆಯ ಮಣ್ಣಿನ ಮೇಲೆ ಕೂರುತ್ತಿದ್ದವು. ಮೂರು ಬಗೆಯ ಪಾಯಗಳಲ್ಲಿ ಯಾವುದನ್ನು ತಪ್ಪಾಗಿ ಆರಿಸಿದರೂ ಆಗದಷ್ಟು ಕೇಡು ಇದೊಂದರಿಂದ ಆಗುತ್ತಿತ್ತು.

ಜೂನ್, ಮಳೆಗೆ ಮೊದಲು

ರಸ್ತೆ ಕಡೆಯ ಎರಡು ಸಾಲು 2 ಮೀಟರ್‌ಗೆ, ಮೂರನೆಯ ಸಾಲು 2.6 ಮೀಟರ್‌ಗೆ, ಹಳ್ಳದ ಕಡೆಯ ಸಾಲು 3.4 ಮೀಟರ್‌ಗೆ ಇಳಿದವು. ಅಕ್ಕಪಕ್ಕದ ಫೂಟಿಂಗ್‌ಗಳ ಆಳದಲ್ಲಿ ಎಷ್ಟು ವ್ಯತ್ಯಾಸವಿದೆಯೋ ಅದರ ಎರಡರಷ್ಟು ಅಂತರವಾದರೂ ಅವುಗಳ ಅಂಚುಗಳ ನಡುವೆ ಇರಬೇಕು. ಇಲ್ಲದಿದ್ದರೆ ಮೇಲಿನದರ ಭಾರ ಕೆಳಗಿನದರ ಗುಂಡಿಯತ್ತ ಜಾರುತ್ತದೆ. ನಮ್ಮಲ್ಲಿ ಅತಿ ಹೆಚ್ಚಿನ ವ್ಯತ್ಯಾಸ 80 ಸೆಂಟಿಮೀಟರ್. ಬೇಕಾದ ಅಂತರ 1.6 ಮೀಟರ್, ಅಲ್ಲಿ ಅದಕ್ಕಿಂತ ಹೆಚ್ಚೇ ಸಿಕ್ಕಿತು.

ಮುರಂ ಮೇಲೆ ಫೂಟಿಂಗ್‌ಗಳು ಚಿಕ್ಕವಾದವು: ಒಳಗಿನವು 1.75 ಮೀಟರ್ ಚೌಕ, ಅಂಚಿನವು 1.35, ಮೂಲೆಯವು 1.1. ಒಟ್ಟು 22 ಚದರ ಮೀಟರ್, ಕಾಂಕ್ರೀಟ್ ಎಂಟು ಘನ ಮೀಟರ್‌ನೊಳಗೆ. ಆಳವಾದ ಆರು ಗುಂಡಿಗಳಲ್ಲಿ, ಫೂಟಿಂಗ್‌ಗಿಂತ ಸುತ್ತಲೂ 15 ಸೆಂಟಿಮೀಟರ್ ಅಗಲವಾಗಿ, ಮುರಂನಿಂದ ಎರಡು ಮೀಟರ್ ಮಟ್ಟದವರೆಗೆ ಸಿಮೆಂಟ್, ಮರಳು, ಜಲ್ಲಿ 1:4:8ರ ಪ್ರಮಾಣದ ಕಾಂಕ್ರೀಟ್ ತುಂಬಿ ಅದರ ಮೇಲೆ ಫೂಟಿಂಗ್ ಕೂರಿಸಿದೆವು. ಇದಕ್ಕೆ 15 ಘನ ಮೀಟರ್ ಹೋಯಿತು, ಕಬ್ಬಿಣ ಏನೂ ಬೇಕಾಗಲಿಲ್ಲ. ಗುಂಡಿಯನ್ನು ಜೆಸಿಬಿಯಿಂದ ತೋಡಿದ ದಿನವೇ ತುಂಬಿದೆವು. ಒಂದು ಗುಂಡಿಯನ್ನು ಮಾತ್ರ ಸಿಮೆಂಟ್ ತಡವಾಗಿ ಬಂದದ್ದರಿಂದ ರಾತ್ರಿ ತೆರೆದೇ ಬಿಡಬೇಕಾಯಿತು. ಆ ರಾತ್ರಿ ಸುರಿದ ಅಕಾಲ ಮಳೆಯಿಂದ ತಳದ ಮುರಂ ನಾಲ್ಕು ಬೆರಳು ಮೆತ್ತಗಾಗಿತ್ತು. ಹಾರೆಯ ಸದ್ದೇ ಬದಲಾಗಿತ್ತು. ಅಷ್ಟನ್ನೂ ಕೆರೆದು ತೆಗೆಸಿ, ಗಟ್ಟಿ ಸದ್ದು ಬಂದ ಮೇಲೆ ತುಂಬಿಸಿದೆ.

ಕಾಲಂಗಳ ಸುತ್ತ ತೆಗೆದ ಕಪ್ಪು ಮಣ್ಣನ್ನು ಮತ್ತೆ ಹಾಕಲಿಲ್ಲ. ಉಬ್ಬುವಾಗ ಅದು ಕಾಲಂ ಅನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ. ಮುರಂ ಅನ್ನು ಪದರ ಪದರವಾಗಿ ದಿಮ್ಮಸು ಹಾಕಿ ತುಂಬಿದೆವು.

ಜುಲೈ

ಕಾಲಂಗಳನ್ನು ಬುಡದಲ್ಲಿ ಒಂದಕ್ಕೊಂದು ಜೋಡಿಸಿ ಗೋಡೆಗಳನ್ನು ಹೊರುವ ಪ್ಲಿಂತ್ ಬೀಮ್ ಮುಗಿದಿದೆ. ಗೌಂಡಿಯವರಿಗೆ ಹೇಳಿ ಒಪ್ಪಿಸಲು ಅತಿ ಕಷ್ಟವಾದದ್ದು ಇಲ್ಲೇ. ಬೀಮ್‌ನ ತಳ ನೆಲಕ್ಕೆ ತಾಗಬಾರದು. ನಡುವೆ 8 ಸೆಂಟಿಮೀಟರ್ ಖಾಲಿ ಇರಬೇಕು, ಕೆಳಗಿನ ಮಣ್ಣು ಏಳಲು ಜಾಗ ಬೇಕು. "ಬೀಮ್ ಗಾಳ್ಯಾಗ ನಿಂದ್ರತದೇನ್ರೀ ಸರ್?" ಎಂದು ಅವರು ಕೇಳಿದರು. ಬೀಮ್ ನಿಲ್ಲುವುದು ಕಾಲಂಗಳ ಮೇಲೆ, ನೆಲದ ಮೇಲಲ್ಲ ಎಂದು ಕಬ್ಬಿಣದ ನಕ್ಷೆಯನ್ನು ತೋರಿಸಿ ವಿವರಿಸಿದ ಮೇಲೆ ಒಪ್ಪಿದರು. ಆ ಖಾಲಿ ಜಾಗಕ್ಕೆ ಮಣ್ಣು ನುಗ್ಗದಂತೆ ಎರಡೂ ಬದಿಗೆ ಶಹಾಬಾದ್ ಪರಸಿಗಳನ್ನು ನಿಲ್ಲಿಸಿದ್ದೇವೆ. ಒಳಗಿನ ನೆಲಹಾಸು ಮಾತ್ರ ಇನ್ನೂ ಮಣ್ಣಿನ ಮೇಲೆಯೇ ಕೂರುವುದರಿಂದ, 60 ಸೆಂಟಿಮೀಟರ್ ಕಪ್ಪು ಮಣ್ಣು ತೆಗೆದು ಮುರಂ ತುಂಬುತ್ತಿದ್ದೇವೆ. ಅಷ್ಟರಿಂದ ನೆಲ ಪೂರ್ತಿ ಅಲುಗದೆಂದು ಹೇಳಲಾರೆ. ಆದ್ದರಿಂದ ನೆಲಹಾಸನ್ನು ಗೋಡೆಗೆ ಬೆಸೆಯದೆ ಬಿಡುತ್ತೇವೆ, ಎದ್ದರೂ ಗೋಡೆಯನ್ನು ಎಳೆಯಬಾರದು.

ಮಳೆ ಹಿಡಿಯುವ ಮೊದಲೇ ಅಂಗಳದ ಕಪ್ಪು ಮಣ್ಣಿನಲ್ಲಿ ಒಂದಡಿ ಆಳಕ್ಕೆ ಕಬ್ಬಿಣದ ಗೂಟವೊಂದನ್ನು ಹುಗಿದು, ನಾಲ್ಕು ಮೂಲೆಯ ಕಾಲಂಗಳ ಮೇಲೆ ಗೆರೆ ಹಾಕಿದ್ದೆ. ನಿನ್ನೆ ನೀರಿನ ಪೈಪ್ ಹಿಡಿದು ಮಟ್ಟ ನೋಡಿದಾಗ ಗೂಟ 14 ಮಿಲಿಮೀಟರ್ ಮೇಲೆದ್ದಿತ್ತು. ಕಾಲಂಗಳ ಗೆರೆಗಳ ನಡುವೆ ಪೈಪ್‌ನಲ್ಲಿ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ. ಮುಂದಿನ ಅಳತೆ ದಸರೆಯ ಹೊತ್ತಿಗೆ, ಆಮೇಲೆ ಮತ್ತೆ ಏಪ್ರಿಲ್‌ನಲ್ಲಿ.